ನಾಲ್ಕು ಮಣಿಗಳ ಪ್ರೋಟೀನ್: ಮೂರು ವಾರಗಳ ಲೆಕ್ಕ

ಮೊದಲ ವಾರ

ಪ್ರೋಟೀನ್ ತನ್ನಷ್ಟಕ್ಕೆ ಏಕೆ ಮಡಚಿಕೊಳ್ಳುತ್ತದೆ ಎಂಬುದನ್ನು ಚದುರಂಗದ ಹಾಸಿನ ಮೇಲೆ ಲೆಕ್ಕ ಹಾಕಿ ನೋಡಬೇಕೆಂದು ಹೊರಟಿದ್ದೇನೆ. ಸರಪಳಿಯಲ್ಲಿ ನಾಲ್ಕೇ ಮಣಿಗಳು. ಎರಡು ತುದಿಗಳಲ್ಲಿ ಹುಣಸೆ ಬೀಜ, ನಡುವೆ ಎರಡು ಕವಡೆ. ಬೀಜವೆಂದರೆ ಎಣ್ಣೆಯಂತೆ ನೀರಿಗೆ ಒಗ್ಗದ ಅಮೈನೋ ಆಮ್ಲ. ಕವಡೆ ನೀರಿಗೆ ಒಗ್ಗುವಂಥದ್ದು.

ಮೊದಲ ಮಣಿಯನ್ನು ಒಂದು ಮನೆಯಲ್ಲಿಟ್ಟರೆ ಎರಡನೆಯದಕ್ಕೆ 4 ದಿಕ್ಕುಗಳಿವೆ. ಹಿಂದಿರುಗುವಂತಿಲ್ಲವಾದ್ದರಿಂದ ಮುಂದಿನ ಎರಡು ಮಣಿಗಳಿಗೆ ಮೂರು ಮೂರು. ಒಟ್ಟು 36 ಭಂಗಿಗಳು. ಅವುಗಳಲ್ಲಿ ಎರಡೂ ಬೀಜಗಳು ಅಕ್ಕಪಕ್ಕದ ಮನೆಗಳಿಗೆ ಬರುವುದು 8ರಲ್ಲಿ ಮಾತ್ರ. ಉಳಿದ 28ರಲ್ಲಿ ಸರಪಳಿ ಬಿಚ್ಚಿಕೊಂಡೇ ಇರುತ್ತದೆ. ಸುಮ್ಮನೆ ಬಿಟ್ಟರೆ ಬಿಚ್ಚಿದ್ದೇ ಗೆಲ್ಲುತ್ತದೆ. ಹಾಗಾಗಿ ಬೀಜಗಳ ನಡುವೆ ಒಂದಿಷ್ಟು ಆಕರ್ಷಣೆ ಇದೆಯೆಂದುಕೊಂಡು ಲೆಕ್ಕ ಮಾಡಿದೆ. ಮಡಚಿತು, ನಿಜ. ಆದರೆ ಉತ್ತರವನ್ನು ನಾನೇ ಒಳಗೆ ತುರುಕಿದ್ದೆ.

ಎರಡನೆಯ ವಾರ

ಆಕರ್ಷಣೆಯನ್ನು ಕಿತ್ತುಹಾಕಿದೆ. ಮರೆತಿದ್ದ ನೀರನ್ನು ಎಣಿಸಲು ಕುಳಿತೆ.

ನೀರಿನ ಅಣುವಿಗೆ ಸುತ್ತ ನಾಲ್ಕು ನೆರೆಯವರು. ತನ್ನ ಎರಡು ಹೈಡ್ರೋಜನ್‌ಗಳನ್ನು ಆ ನಾಲ್ವರಲ್ಲಿ ಯಾವ ಇಬ್ಬರತ್ತ ಚಾಚಬೇಕೆಂಬುದಕ್ಕೆ 6 ಬಗೆಗಳಿವೆ. ಒಂದು ಕಡೆ ಎಣ್ಣೆಯ ಗೋಡೆ ಎದ್ದರೆ ಆ ಕಡೆ ಚಾಚಿದ ಹೈಡ್ರೋಜನ್‌ಗೆ ಕೊಂಡಿ ಸಿಗುವುದಿಲ್ಲ. ಉಳಿದ ಮೂರು ದಿಕ್ಕುಗಳಲ್ಲೇ ಎರಡನ್ನು ಆರಿಸಬೇಕು, ಅಂದರೆ 3 ಬಗೆ. ಅಣು ತನ್ನ ಕೊಂಡಿಗಳನ್ನು ಬಿಟ್ಟುಕೊಡುತ್ತಿಲ್ಲ, ಹೊರಳುವ ಸ್ವಾತಂತ್ರ್ಯದ ಅರ್ಧವನ್ನು ಬಿಟ್ಟುಕೊಡುತ್ತಿದೆ. ಬಗೆಗಳ ಎಣಿಕೆಯನ್ನು ಅಳೆಯುವ ಎಂಟ್ರೊಪಿಯ ಲೆಕ್ಕದಲ್ಲಿ ಇದು `R ln 2`. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೋಲ್‌ಗೆ ಸುಮಾರು 1.7 ಕಿಲೋಜೂಲ್ ದಂಡ.

ಬೀಜಗಳೆರಡು ಒತ್ತಿ ಕುಳಿತಾಗ ಪ್ರತಿ ಬೀಜದ ಒಂದು ಮೈ ಮುಚ್ಚುತ್ತದೆ, ಎರಡು ನೀರಿನ ಅಣುಗಳು ಬಿಡುಗಡೆಯಾಗುತ್ತವೆ. ಒಂದೊಂದಕ್ಕೂ ಬಗೆಗಳು ಇಮ್ಮಡಿಯಾಗುವುದರಿಂದ ಮಡಚಿದ ಭಂಗಿಯ ತೂಕ ನಾಲ್ಕು ಪಟ್ಟಾಗುತ್ತದೆ: 8×4 = 32. ಎದುರಿಗೆ 28. ಮಡಚಿದ ಪಾಲು 60ರಲ್ಲಿ 32, ಶೇಕಡಾ 53. ಬೀಜಕ್ಕೆ ಬೀಜದ ಮೇಲೆ ಯಾವ ಮೋಹವೂ ಇಲ್ಲದೆ, ನೀರಿನ ಹಠದಿಂದಲೇ ಸರಪಳಿ ಮಡಚಿಕೊಂಡಿತು!

ಪ್ರಯೋಗದ ಅಂಕಿಗೂ ತಾಳೆ ನೋಡಿದೆ. ಎಣ್ಣೆಯಂತೆ ನೀರಿಗೆ ಒಗ್ಗದ ಬ್ಯೂಟೇನ್ ಅನ್ನು ನೀರಿಗೆ ಸೇರಿಸುವಾಗ 25 ಡಿಗ್ರಿಯಲ್ಲಿ ಎಂಥಾಲ್ಪಿ, ಅಂದರೆ ಶಾಖದ ಲೆಕ್ಕ, ಮೋಲ್‌ಗೆ −4.3 ಕಿಲೋಜೂಲ್, ಅಂದರೆ ಅನುಕೂಲಕರವೇ. ವಿರೋಧವೆಲ್ಲ ಎಂಟ್ರೊಪಿಯದ್ದು: 28.7. ಅದನ್ನು 1.7ರಿಂದ ಭಾಗಿಸಿದರೆ ಸುಮಾರು 17 ಅಣುಗಳ ನಷ್ಟ. ಬ್ಯೂಟೇನ್‌ಗೆ ತಾಗಿ ನಿಲ್ಲುವ ನೀರು ಇದಕ್ಕಿಂತ ಕೊಂಚ ಹೆಚ್ಚಿದ್ದರೂ ನನ್ನ ಒರಟು ಎಣಿಕೆಗೆ ಇಷ್ಟು ಹತ್ತಿರ ಬಂದದ್ದೇ ಹೆಚ್ಚು. ಎಣ್ಣೆಯ ಸುತ್ತ ನೀರು ಮಂಜುಗಡ್ಡೆಯಾಗುತ್ತದೆ ಎಂಬ ಹಳೆಯ ಹೋಲಿಕೆ ನನಗೆ ಹಿಡಿಸುವುದಿಲ್ಲ. ಅಲ್ಲಿ ಗಡ್ಡೆ ಕಟ್ಟುವುದಿಲ್ಲ, ಹೊರಳಾಟ ಕಡಿಮೆಯಾಗುತ್ತದೆ, ಅಷ್ಟೇ.

ಮೂರನೆಯ ವಾರ

ಉಷ್ಣಾಂಶ ಬದಲಿಸಿದೆ. 0 ಡಿಗ್ರಿಗೂ 53, 90ಕ್ಕೂ 53! ಎರಡು ಸಂಜೆ ತಪ್ಪು ಹುಡುಕಿದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ತೂಕ ಕೇವಲ ಬಗೆಗಳ ಎಣಿಕೆಯಾಗಿದ್ದರೆ ಅದರಲ್ಲಿ ಉಷ್ಣಾಂಶ ಬರುವುದೇ ಇಲ್ಲ. ದಂಡದೊಳಗಿನ ಉಷ್ಣಾಂಶ `T`, ತೂಕಕ್ಕಾಗಿ ಅದನ್ನು ಭಾಗಿಸುವ `RT`ಯಲ್ಲಿರುವ `T`, ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಬಿಸಿ ಮಾಡಿದರೆ ಮೊಟ್ಟೆಯ ಬಿಳಿ ಗಟ್ಟಿಯಾಗುವ ಲೋಕದಲ್ಲಿ ಇಂಥ ಪ್ರೋಟೀನ್ ಇರಲಾರದು.

ಬಿಟ್ಟುಹೋಗಿದ್ದು ಉಷ್ಣಧಾರಕತೆ. ಬಿಸಿಯಾದಂತೆ ಗೋಡೆ ಪಕ್ಕದ ನೀರು ಶಿಸ್ತು ಸಡಿಲಿಸಿ ಕೊಂಡಿಗಳನ್ನು ಕಳೆದುಕೊಳ್ಳುತ್ತದೆ. ಅದಕ್ಕೇ ಹೆಚ್ಚುವರಿ ಶಾಖ ಹೀರುತ್ತದೆ. ಬ್ಯೂಟೇನ್‌ಗೆ ಇದು ಪ್ರತಿ ಕೆಲ್ವಿನ್‌ಗೆ, ಮೋಲ್‌ಗೆ ಸುಮಾರು 270 ಜೂಲ್. ಅದನ್ನು ಸೇರಿಸಿದರೆ ಎಂಥಾಲ್ಪಿ 41 ಡಿಗ್ರಿಯ ಹತ್ತಿರ ಸೊನ್ನೆ ದಾಟುತ್ತದೆ. 60 ಡಿಗ್ರಿಯಲ್ಲಿ ಅದೂ ಎಂಟ್ರೊಪಿಯ ಜೊತೆ ಸೇರಿ ಎಣ್ಣೆಯನ್ನು ನೀರಿನಿಂದ ಹೊರದೂಡುತ್ತಿರುತ್ತದೆ. 'ಎಲ್ಲವೂ ಎಂಟ್ರೊಪಿ' ಎಂಬ ಮಾತು ಕೋಣೆಯ ಉಷ್ಣಾಂಶದ ಆಸುಪಾಸಿಗೆ ಮಾತ್ರ ಸಲ್ಲುತ್ತದೆ.

25 ಡಿಗ್ರಿಯ ತೂಕವನ್ನು 4ಕ್ಕೇ ನಿಲ್ಲಿಸಿ ಮತ್ತೆ ಹಾಕಿದ ಲೆಕ್ಕ: 0 ಡಿಗ್ರಿಗೆ ಶೇಕಡಾ 52.3, 41ಕ್ಕೆ 53.5, 90ಕ್ಕೆ ಮತ್ತೆ ಸುಮಾರು 52.3. ಸಪಾಟು ಗುಡ್ಡ, ನೋಡಿದವರು ನಗಬಹುದು. ಆದರೆ ಇದು ಒಂದೇ ಜೋಡಿಯ ಕಥೆ. 30 ಬ್ಯೂಟೇನ್‌ನಷ್ಟು ಮೈ ಒಳಗೆ ಅಡಗುವ ಪ್ರೋಟೀನ್‌ನಲ್ಲಿ 41ರಿಂದ 0ಗೆ ಇಳಿದಾಗ ಮಡಚಿದ ಭಂಗಿಯ ತೂಕ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಕುಗ್ಗುತ್ತದೆ. ಯೀಸ್ಟಿನ ಫ್ರಟಾಕ್ಸಿನ್ ಎಂಬ ಪ್ರೋಟೀನ್ ಉಪ್ಪು ಕಡಿಮೆಯಿರುವ ದ್ರಾವಣದಲ್ಲಿ ನೀರು ಹೆಪ್ಪುಗಟ್ಟುವ ಮೊದಲೇ ಚಳಿಗೆ ಬಿಚ್ಚಿಕೊಳ್ಳುತ್ತದೆ. ಬಿಸಿಗೆ ಬಿಚ್ಚುವುದು ಸಹಜವೆನಿಸಬಹುದು. ತಣ್ಣಗಾದಾಗ ಬಿಚ್ಚುವುದಕ್ಕೆ ನೀರಿನ ಈ ಲೆಕ್ಕ ಬೇಕೇ ಬೇಕು.

ಪ್ರೋಟೀನ್‌ನ ಒಳಗಿನ ಹೈಡ್ರೋಜನ್ ಕೊಂಡಿಗಳು, ಬಿಗಿಯಾದ ಜೋಡಣೆ ಯಾವುದೂ ನನ್ನ ಹಾಸಿನ ಮೇಲಿಲ್ಲ. ಮುಂದಿನ ವಾರ ಆರು ಮಣಿ. ಅದಕ್ಕೆ 284 ಭಂಗಿಗಳು, ಕೈಯೆಣಿಕೆ ಸಾಲದು. ಹುಣಸೆ ಬೀಜಗಳು ಡಬ್ಬಿಗೆ ಮರಳಿವೆ, ಪೈಥಾನ್ ತೆರೆದಿದ್ದೇನೆ.