ನವಸಾಗರದ ದ್ರಾವಣ: ಲೆಕ್ಕ 6.1 ಎಂದರೂ ಮೀಟರ್ 5.6ಕ್ಕೇ ನಿಂತಿದ್ದೇಕೆ

ದಿನ 1

ಅಮೋನಿಯಂ ಕ್ಲೋರೈಡನ್ನು, ಅಂದರೆ ನವಸಾಗರವನ್ನು, ನೀರಿನಲ್ಲಿ ಕರಗಿಸಿದರೆ ದ್ರಾವಣ ಸ್ವಲ್ಪ ಆಮ್ಲೀಯವಾಗುತ್ತದೆ. ಎಷ್ಟು ಎಂಬುದನ್ನು ಅಮೋನಿಯಾದ ಪ್ರತ್ಯಾಮ್ಲ ಸ್ಥಿರಾಂಕ ಒಂದರಿಂದಲೇ ಹೇಳಬಹುದು. ಈ ಲೆಕ್ಕವನ್ನು ಓದುವ ದಿನಗಳಲ್ಲಿ ಎಷ್ಟೋ ಸಲ ಮಾಡಿದ್ದೇನೆ, ಆದರೆ ಒಮ್ಮೆಯೂ ಅಳೆದು ನೋಡಿರಲಿಲ್ಲ. ಈ ಸಲ ಅಳೆಯೋಣ ಎಂದುಕೊಂಡೆ. ಕೈಯಲ್ಲಿರುವುದು ಪೆನ್ನಿನಂಥ ಒಂದು ಪಿಎಚ್ ಮೀಟರ್ (0.1ರವರೆಗೆ ಮಾತ್ರ ತೋರಿಸುತ್ತದೆ), 0.01 ಗ್ರಾಂ ತೂಗುವ ಪುಟ್ಟ ತಕ್ಕಡಿ, ಭಟ್ಟಿ ಇಳಿಸಿದ ನೀರು, ಅಷ್ಟೇ.

ಮೊದಲು ಕಾಗದದ ಮೇಲೆ. ಕ್ಲೋರೈಡ್ ಅಯಾನು ಸುಮ್ಮನೆ ತೇಲಿಕೊಂಡಿರುತ್ತದೆ, ಅದನ್ನು ಮರೆತುಬಿಡಬಹುದು. ಅಮೋನಿಯಂ ಅಯಾನು ಮಾತ್ರ ನೀರಿಗೆ ಒಂದು ಪ್ರೋಟಾನ್ ಬಿಟ್ಟುಕೊಟ್ಟು ಅಮೋನಿಯಾ ಆಗುತ್ತದೆ. ಇದೇ ಜಲವಿಶ್ಲೇಷಣೆ.

```
NH4+ + H2O ⇌ NH3 + H3O+
Ka = Kw / Kb = (1.0 × 10^-14) / (1.8 × 10^-5) = 5.6 × 10^-10
```

ಅಮೋನಿಯಾ ನೀರಿನಿಂದ ಪ್ರೋಟಾನ್ ಕಿತ್ತುಕೊಳ್ಳುವ ಕ್ರಿಯೆಯನ್ನೂ ಅಮೋನಿಯಂ ಪ್ರೋಟಾನ್ ಬಿಡುವ ಕ್ರಿಯೆಯನ್ನೂ ಕೂಡಿಸಿದರೆ ಕೊನೆಗೆ ಉಳಿಯುವುದು ನೀರು ತಾನೇ ಒಡೆಯುವ ಕ್ರಿಯೆ. ಹಾಗಾಗಿಯೇ ಎರಡು ಸ್ಥಿರಾಂಕಗಳ ಗುಣಲಬ್ಧ `Kw`. ಅಮೋನಿಯಾ ದುರ್ಬಲ ಪ್ರತ್ಯಾಮ್ಲ ಎಂದ ಮಾತ್ರಕ್ಕೆ ಅಮೋನಿಯಂ ಪ್ರಬಲ ಆಮ್ಲವಾಗಿಬಿಡುವುದಿಲ್ಲ. 5.6 × 10⁻¹⁰ ಎಂದರೆ ಬಹಳ ದುರ್ಬಲ ಆಮ್ಲವೇ.

0.1 ಮೋಲಾರ್ ದ್ರಾವಣಕ್ಕೆ `[H+] = √(Ka × C)`, ಅಂದರೆ 5.6 × 10⁻¹¹ರ ವರ್ಗಮೂಲ, 7.5 × 10⁻⁶. ಪಿಎಚ್ 5.13. ಲಕ್ಷ ಅಮೋನಿಯಂ ಅಯಾನುಗಳಲ್ಲಿ ಏಳೆಂಟು ಮಾತ್ರ ಒಡೆದಿವೆ, ಆದ್ದರಿಂದ ಸಾರತೆ 0.1 ಆಗಿಯೇ ಉಳಿಯಿತು ಎಂದು ಹಿಡಿದದ್ದು ತಪ್ಪಲ್ಲ. ಹತ್ತು ಪಟ್ಟು ತೆಳು ಮಾಡಿದಾಗಲೆಲ್ಲ ಪಿಎಚ್ ಸರಿಯಾಗಿ ಅರ್ಧ ಏರಬೇಕು: 0.01ಕ್ಕೆ 5.63, 0.001ಕ್ಕೆ 6.13.

ಅಣುತೂಕ 53.49. 1.34 ಗ್ರಾಂ ತೂಗಿ 250 ಮಿ.ಲೀ.ಗೆ ಕರಗಿಸಿದರೆ 0.1 ಮೋಲಾರ್. ಅದರಿಂದ 25 ಮಿ.ಲೀ. ತೆಗೆದು ಮತ್ತೆ 250ಕ್ಕೆ ತಂದರೆ 0.01. ಇನ್ನೊಮ್ಮೆ ಹಾಗೇ ಮಾಡಿದರೆ 0.001. ಲವಣ ಕರಗುವಾಗ ಬೀಕರ್ ಕೈಗೆ ತಣ್ಣಗಾಗುತ್ತದೆ, ಹಾಗಾಗಿ 25 ಡಿಗ್ರಿಗೆ ಮರಳುವವರೆಗೆ ಕಾದೆ.

ಮೀಟರ್ ಹೇಳಿದ್ದು: 5.2, 5.5, 5.6.

ಮೊದಲನೆಯದನ್ನು ನೋಡಿ ಖುಷಿಯಾಗಿತ್ತು. ಮೂರನೆಯದು ಖುಷಿಯನ್ನೆಲ್ಲ ಇಳಿಸಿತು. ಅರ್ಧ ಪಿಎಚ್ ವ್ಯತ್ಯಾಸ ಎಂದರೆ ಹೈಡ್ರೋಜನ್ ಅಯಾನು ಲೆಕ್ಕಕ್ಕಿಂತ ಮೂರು ಪಟ್ಟು ಹೆಚ್ಚಿದೆ ಎಂದರ್ಥ.

ದಿನ 2

ಅಪರಾಧಿ ಮೀಟರೇ ಎಂದು ತೀರ್ಮಾನಿಸಿ ಒಂದು ಸಂಜೆ ಹಾಳು ಮಾಡಿಕೊಂಡೆ. ಎಲೆಕ್ಟ್ರೋಡ್ ತೊಳೆದು, 4.00 ಮತ್ತು 6.86ರ ಬಫರ್‌ಗಳಲ್ಲಿ ಮತ್ತೆ ಹೊಂದಿಸಿದೆ. ಎರಡರಲ್ಲೂ ಸರಿಯಾಗಿಯೇ ತೋರಿಸಿತು. 0.001ರ ದ್ರಾವಣಕ್ಕೆ ಅದ್ದಿದರೆ ಮತ್ತದೇ 5.6. ಅಯಾನುಗಳು ಕಡಿಮೆ ಇರುವ ದ್ರಾವಣದಲ್ಲಿ ಮೀಟರ್ ನೆಲೆಗೊಳ್ಳಲು ಎರಡು ಮೂರು ನಿಮಿಷ ಹಿಡಿಯುತ್ತದೆ, ನಿಜ. ಆದರೆ ಎಷ್ಟು ಕಾದರೂ ಅದು ಮೇಲಕ್ಕೆ ಏರಲಿಲ್ಲ.

ಮೊದಲೇ ಮಾಡಬೇಕಿದ್ದ ಕೆಲಸವನ್ನು ಕೊನೆಗೆ ಮಾಡಿದೆ. ಲವಣ ಹಾಕದ ಬರೀ ನೀರನ್ನು ಅಳೆದೆ. 5.7 ಬಂತು.

ಭಟ್ಟಿ ಇಳಿಸಿದ ನೀರಿನ ಪಿಎಚ್ 7 ಎಂದು ಬಾಯಿಪಾಠ ಮಾಡಿದವರೆಲ್ಲ ಒಮ್ಮೆ ಇದನ್ನು ಅಳೆದು ನೋಡಬೇಕು. ಗಾಳಿಗೆ ತೆರೆದಿಟ್ಟ ನೀರು ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ಹೀರಿಕೊಂಡದ್ದರಲ್ಲಿ ಒಂದು ಪಾಲು ಬೈಕಾರ್ಬನೇಟ್ ಆಗುತ್ತಾ ಪ್ರೋಟಾನ್ ಬಿಡುತ್ತದೆ, ಪಿಎಚ್ ಸುಮಾರು 5.6ಕ್ಕೆ ಇಳಿಯುತ್ತದೆ. ಅಂದರೆ ನನ್ನ ಮೂರನೇ ಬೀಕರಿನಲ್ಲಿ ನಾನು ಅಳೆಯುತ್ತಿದ್ದದ್ದು ನವಸಾಗರವನ್ನಲ್ಲ, ಕೋಣೆಯ ಗಾಳಿಯನ್ನು.

ದಿನ 3

ಬರೀ ಊಹೆಯಾಗಿ ಬಿಡಬಾರದೆಂದು ಲೆಕ್ಕ ಹಾಕಿದೆ. ದ್ರಾವಣದಲ್ಲಿ ಓಡಾಡುವ ಪ್ರತಿಯೊಂದು ಪ್ರೋಟಾನೂ ಎಲ್ಲಿಂದಲೋ ಬಿಟ್ಟುಬಂದದ್ದು, ಬಂದ ಕಡೆ ಒಂದು ಗುರುತು ಉಳಿದಿರುತ್ತದೆ. ಅಮೋನಿಯಂ ಬಿಟ್ಟಿದ್ದರೆ ಅಮೋನಿಯಾ, ಕಾರ್ಬನ್ ಡೈಆಕ್ಸೈಡ್ ಕಡೆಯಿಂದ ಬಂದಿದ್ದರೆ ಬೈಕಾರ್ಬನೇಟ್, ನೀರಿನಿಂದ ಬಂದಿದ್ದರೆ ಹೈಡ್ರಾಕ್ಸೈಡ್. ಈ ಮೂರು ಗುರುತುಗಳ ಮೊತ್ತವೇ ಪ್ರೋಟಾನುಗಳ ಸಂಖ್ಯೆ. ಒಂದೊಂದನ್ನೂ ಅದರದರ ಸ್ಥಿರಾಂಕದಿಂದ ಬರೆದು `[H+]`ನಿಂದ ಗುಣಿಸಿದರೆ ಇಷ್ಟು ಸರಳವಾಗುತ್ತದೆ:

```
[H+]^2 = Ka × C + K1 × [CO2] + Kw
```

ಕಾರ್ಬಾನಿಕ್ ಆಮ್ಲದ ಮೊದಲ ಸ್ಥಿರಾಂಕ `K1` ಸುಮಾರು 4.5 × 10⁻⁷. ಗಾಳಿಯೊಂದಿಗೆ ಸಮತೋಲನಕ್ಕೆ ಬಂದ ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಸುಮಾರು 1.4 × 10⁻⁵ ಮೋಲಾರ್. ಗುಣಿಸಿದರೆ 6.3 × 10⁻¹². ನವಸಾಗರ ಎಷ್ಟೇ ಇರಲಿ, ಈ ಪದ ಬದಲಾಗುವುದಿಲ್ಲ.

0.1 ಮೋಲಾರ್‌ನಲ್ಲಿ ನವಸಾಗರದ ಪಾಲು 56 × 10⁻¹², ಗಾಳಿಯ ಪಾಲು 6.3 × 10⁻¹². ಗಾಳಿ ಇದ್ದೂ ಇಲ್ಲದಂತೆ, ಪಿಎಚ್ 5.10. 0.01ರಲ್ಲಿ ನವಸಾಗರದ ಪಾಲು 5.6 × 10⁻¹²ಕ್ಕೆ ಇಳಿಯುತ್ತದೆ, ಇಬ್ಬರೂ ಹೆಚ್ಚುಕಡಿಮೆ ಸಮಸಮ. ಪಿಎಚ್ 5.46. 0.001ರಲ್ಲಿ ನವಸಾಗರದ್ದು ಬರೀ 0.56 × 10⁻¹², ಗಾಳಿಯದ್ದೇ ಯಜಮಾನಿಕೆ. ಪಿಎಚ್ 5.58.

ಮೀಟರ್ ಹೇಳಿದ್ದು 5.2, 5.5, 5.6. ಬೈದದ್ದಕ್ಕೆ ಮೀಟರಿನ ಕ್ಷಮೆ ಕೇಳಿದೆ.

ಇನ್ನೊಂದು ಮಾತು. ಆ ಕೊನೆಯ `Kw` ಯಾಕೆ ಬೇಕು ಎನಿಸಬಹುದು. ಗಾಳಿಯೇ ಇಲ್ಲವೆಂದುಕೊಂಡು 0.00001 ಮೋಲಾರ್ ದ್ರಾವಣಕ್ಕೆ ಹಳೆಯ ವರ್ಗಮೂಲದ ಸೂತ್ರ ಹಾಕಿ ನೋಡಿ: ಪಿಎಚ್ 7.13 ಬರುತ್ತದೆ. ಆಮ್ಲೀಯ ಲವಣ ಕರಗಿಸಿದರೆ ನೀರು ಪ್ರತ್ಯಾಮ್ಲೀಯವಾಯಿತಂತೆ! `Kw` ಸೇರಿಸಿದರೆ 6.90, ಹುಚ್ಚು ಬಿಡುತ್ತದೆ. 0.001ರವರೆಗೆ ಅದನ್ನು ಬಿಟ್ಟರೂ ಎರಡನೇ ದಶಾಂಶದಲ್ಲಷ್ಟೇ ಬದಲಾವಣೆ.

ದಿನ 5

ಗಾಳಿಯನ್ನು ಹೊರಗಿಡುವ ಕೆಲಸ. ಕುದಿಸಿದರೆ ಕರಗಿದ ಅನಿಲ ಹೊರಹೋಗುತ್ತದೆ. ಆದರೆ ಕುದಿಸಬೇಕಾದ್ದು ಲವಣ ಹಾಕುವ ಮುಂಚಿನ ಬರೀ ನೀರನ್ನು. ಮಾಡಿಟ್ಟ ದ್ರಾವಣವನ್ನೇ ಕುದಿಸಿದರೆ ಕಾರ್ಬನ್ ಡೈಆಕ್ಸೈಡ್ ಜೊತೆಗೆ ಅಮೋನಿಯಾ ಕೂಡ ಹಾರಿಹೋಗುತ್ತದೆ, ಅದರ ಜೋಡಿ ಪ್ರೋಟಾನ್ ಮಾತ್ರ ಒಳಗೇ ಉಳಿಯುತ್ತದೆ. ದ್ರಾವಣ ಇನ್ನಷ್ಟು ಹುಳಿಯಾಗುತ್ತದೆ, ತಣ್ಣಗಾದ ಮೇಲೂ ಹಿಂದಕ್ಕೆ ಬರುವುದಿಲ್ಲ.

ನೀರನ್ನು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಬಿಸಿಯಿರುವಾಗಲೇ ಫ್ಲಾಸ್ಕಿನ ಕಂಠದವರೆಗೆ ತುಂಬಿ ಬಿರಡೆ ಹಾಕಿದೆ. ಮೇಲೆ ಗಾಳಿಗೆ ಜಾಗ ಉಳಿಯಬಾರದು. ತೆಳು ಮಾಡಲೂ ಇದೇ ನೀರು.

ಅವಸರದಲ್ಲಿ ಒಂದು ಎಡವಟ್ಟು. ನೀರು ಇನ್ನೂ 40 ಡಿಗ್ರಿ ಇರುವಾಗಲೇ 0.1ರ ದ್ರಾವಣ ಮಾಡಿ ಅಳೆದೆ, 5.0 ಬಂತು. ಮೀಟರಿನಲ್ಲಿ ಉಷ್ಣತೆಯನ್ನು ತಾನೇ ಸರಿದೂಗಿಸುವ ಸೌಲಭ್ಯ ಇದೆಯಲ್ಲ ಎಂದುಕೊಂಡಿದ್ದೆ. ಅದು ಸರಿಪಡಿಸುವುದು ಎಲೆಕ್ಟ್ರೋಡಿನ ವೋಲ್ಟೇಜನ್ನು ಮಾತ್ರ, ಬೀಕರಿನೊಳಗಿನ ರಸಾಯನ ಕ್ರಿಯೆಯನ್ನಲ್ಲ. 25ರಿಂದ 40 ಡಿಗ್ರಿಗೆ ಹೋಗುವಷ್ಟರಲ್ಲಿ ಅಮೋನಿಯಾದ `Kb` ಹೆಚ್ಚೇನೂ ಬದಲಾಗುವುದಿಲ್ಲ, ಆದರೆ `Kw` ಹತ್ತಿರ ಹತ್ತಿರ ಮೂರು ಪಟ್ಟಾಗುತ್ತದೆ. `Ka` ಎಂದರೆ ಇವೆರಡರ ಭಾಗಲಬ್ಧ, ಅದೂ ಸುಮಾರು ಅಷ್ಟೇ ಏರುತ್ತದೆ. ಪಿಎಚ್ 0.2ರಷ್ಟು ಇಳಿಯಲೇಬೇಕು, ಇಳಿದಿದೆ. ತಪ್ಪು ಮೀಟರಿನದಲ್ಲ, 25 ಡಿಗ್ರಿಯ ಸ್ಥಿರಾಂಕ ಹಿಡಿದು ಬಿಸಿನೀರಿಗೆ ಲೆಕ್ಕ ಕೇಳಿದ ನನ್ನದು.

ದಿನ 6

ರಾತ್ರಿಯಿಡೀ ಆರಲು ಬಿಟ್ಟು, 25 ಡಿಗ್ರಿಯಲ್ಲಿ ಮತ್ತೆ ಮೂರೂ ದ್ರಾವಣ. ಕಿರಿದಾದ ಬಾಯಿಯ ಬಾಟಲಿಯಲ್ಲಿ, ಕಲಕದೆ, ಮೀಟರ್ ಇಳಿಬಿಟ್ಟು ಓದಿದೆ: 5.2, 5.7, 6.0.

ಮೂರನೆಯದು ಕೊನೆಗೂ ಮೇಲೆ ಬಂತು. ಬಾಟಲಿಯ ಬಾಯಿ ತೆರೆದಿಟ್ಟು ಕಾದರೆ ಅದು ಮೆಲ್ಲಗೆ 5.9ಕ್ಕೆ, ಆಮೇಲೆ 5.8ಕ್ಕೆ ಜಾರಿತು. 0.1ರ ದ್ರಾವಣವನ್ನು ಅಷ್ಟೇ ಹೊತ್ತು ತೆರೆದಿಟ್ಟರೂ ಅದು 5.2 ಬಿಟ್ಟು ಕದಲಲಿಲ್ಲ. ಮೀಟರೇ ಜಾರುತ್ತಿದ್ದರೆ ಎರಡೂ ಕಡೆ ಜಾರಬೇಕಿತ್ತು. ಗಾಳಿ ಒಳಬರುತ್ತಿದೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನ್ನ ಹತ್ತಿರವಿಲ್ಲ.

5.13 ಬರಬೇಕಾದಲ್ಲಿ 5.2 ಯಾಕೆ? 0.1 ಮೋಲಾರ್‌ನಲ್ಲಿ ಅಯಾನುಗಳು ಒತ್ತೊತ್ತಾಗಿದ್ದು ಒಂದನ್ನೊಂದು ಸೆಳೆಯುತ್ತವೆ, ಪ್ರೋಟಾನ್ ತನ್ನ ಸಾರತೆಯಷ್ಟು ಚುರುಕಾಗಿ ವರ್ತಿಸುವುದಿಲ್ಲ. ಆ ತಿದ್ದುಪಡಿ ಪಿಎಚ್ಚನ್ನು ಸುಮಾರು 0.1 ಮೇಲಕ್ಕೆ ತಳ್ಳುತ್ತದೆ. ಹಾಗೆಂದು ಅದನ್ನು ಕಂಡೆ ಎಂದು ನಾನು ಹೇಳಲಾರೆ, ಈ ಮೀಟರಿನ ಒಂದು ಮೆಟ್ಟಿಲೇ 0.1.

ದಿನ 7

ಈಗ ಉಲ್ಟಾ ಲೆಕ್ಕ: ನನ್ನ ಅಳತೆಯಿಂದ ಅಮೋನಿಯಾದ `Kb` ಎಷ್ಟು? 0.01ರ ದ್ರಾವಣಕ್ಕೆ 5.7 ಎಂದರೆ `[H+]` 2.0 × 10⁻⁶. ವರ್ಗ ಮಾಡಿ 0.01ರಿಂದ ಭಾಗಿಸಿದರೆ `Ka` 4.0 × 10⁻¹⁰. `Kw`ಅನ್ನು ಅದರಿಂದ ಭಾಗಿಸಿದರೆ `Kb` 2.5 × 10⁻⁵.

ಪಿಎಚ್ 0.1 ಆಚೀಚೆಯಾದರೆ ಈ ಉತ್ತರ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚೇ ಬದಲಾಗುತ್ತದೆ, ವರ್ಗ ಮಾಡುವಾಗ ತಪ್ಪೂ ಇಮ್ಮಡಿಯಾಗುತ್ತದಲ್ಲ. ಹಾಗಾಗಿ ನಾನು ಹೇಳಬಹುದಾದದ್ದು ಇಷ್ಟೇ: 1.6 × 10⁻⁵ ಮತ್ತು 4.0 × 10⁻⁵ರ ನಡುವೆ ಎಲ್ಲೋ ಇದೆ. 1.8 × 10⁻⁵ ಈ ಅಂತರದೊಳಗೇ ಬೀಳುತ್ತದೆ.

ಕುತೂಹಲಕ್ಕೆ ಮೊದಲ ದಿನದ ಮೂರನೇ ಅಳತೆಗೂ ಇದೇ ಲೆಕ್ಕ ಹಾಕಿದೆ. 0.001ಕ್ಕೆ 5.6 ಎಂದು ಹಿಡಿದರೆ `Kb` 1.6 × 10⁻⁶ ಬರುತ್ತದೆ, ಇರಬೇಕಾದ್ದರ ಹನ್ನೊಂದರಲ್ಲಿ ಒಂದು ಪಾಲು. ಬರೀ ನೀರನ್ನು ಅಳೆಯದೇ ಹೋಗಿದ್ದರೆ ಅದನ್ನೇ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಈಗ ಪ್ರತಿ ಸಾಲಿನ ಮೊದಲ ಕಾಲಮ್ಮಿನಲ್ಲಿ ಲವಣವಿಲ್ಲದ ನೀರಿನ ಪಿಎಚ್ ಬರೆಯುತ್ತಿದ್ದೇನೆ. ಇವತ್ತಿನದು 6.6.