ಸೊನ್ನೆ ರೂಟ್, ಮತ್ತು ನಾನು ಒತ್ತಿದ ರಿಸಾಲ್ವ್ ಬಟನ್

2022ರ ಆಗಸ್ಟ್ 2, ಮಂಗಳವಾರ. ನಾಗರ ಪಂಚಮಿ. ಅಡುಗೆಮನೆಯಲ್ಲಿ ಅಮ್ಮ ತಂಬಿಟ್ಟು ಕಟ್ಟುತ್ತಿದ್ದರು, ನಾನು ರಜೆ ಹಾಕಿದ್ದೆ. ಫೋನ್ ನೋಡಿದರೆ ಟೀಮ್ ಗ್ರೂಪ್‌ನಲ್ಲಿ 140 ಮೆಸೇಜ್. ರಾತ್ರಿ ನೋಮ್ಯಾಡ್ ಅನ್ನುವ ಕ್ರಿಪ್ಟೋ ಬ್ರಿಡ್ಜ್ ಖಾಲಿಯಾಗಿತ್ತು. ಸುಮಾರು 19 ಕೋಟಿ ಡಾಲರ್. ನಮ್ಮ ಕಂಪನಿಯದೂ ಅಂಥದ್ದೇ ಒಂದು ಬ್ರಿಡ್ಜ್.

ಕೊನೆಯ ಮೆಸೇಜ್ ನಮ್ಮ ಮ್ಯಾನೇಜರ್‌ದು. "ನಮಗೇನೂ ತೊಂದರೆ ಇಲ್ಲ ತಾನೇ? ಹತ್ತು ಗಂಟೆಗೆ ಇನ್ವೆಸ್ಟರ್ ಕಾಲ್ ಇದೆ."

ನಾನು ಎದ್ದು ಹಲ್ಲುಜ್ಜುವ ಮೊದಲೇ ಉತ್ತರ ಹಾಕಿದೆ: "ಇಲ್ಲ. ನಮ್ಮದು ಅವರ ಕೋಡ್ ಅಲ್ಲ."

ಅದು ನಿಜವೇ. ನಮ್ಮದು ಅವರ ಕೋಡ್ ಆಗಿರಲಿಲ್ಲ. ಆದರೆ ಆ ಉತ್ತರ ತಪ್ಪಾಗಿತ್ತು. ಇವತ್ತಿಗೂ ಆ ಮೆಸೇಜ್ ಕಣ್ಣಿಗೆ ಬಿದ್ದರೆ ಮೈ ಉರಿಯುತ್ತದೆ.

ನೋಮ್ಯಾಡ್‌ನಲ್ಲಿ ಏನಾಯಿತು ಅಂತ ಮೊದಲು ಹೇಳುತ್ತೇನೆ, ಇಲ್ಲದಿದ್ದರೆ ನನ್ನ ಪೆದ್ದುತನ ಅರ್ಥ ಆಗುವುದಿಲ್ಲ. ಬ್ರಿಡ್ಜ್ ಅಂದರೆ ದೇವಸ್ಥಾನದ ಹೊರಗಿನ ಚಪ್ಪಲಿ ಸ್ಟ್ಯಾಂಡ್ ಇದ್ದ ಹಾಗೆ. ಎಥೇರಿಯಂ ಅನ್ನುವ ಬ್ಲಾಕ್‌ಚೈನ್‌ನಲ್ಲಿ ನಿಮ್ಮ ಟೋಕನ್ ಲಾಕ್ ಆಗುತ್ತದೆ, ಮೂನ್‌ಬೀಮ್ ಅನ್ನುವ ಇನ್ನೊಂದು ಚೈನ್‌ನಲ್ಲಿ ಅದರ ಚೀಟಿ ಸಿಗುತ್ತದೆ. ಚೀಟಿ ವಾಪಸ್ ಕೊಟ್ಟರೆ ಅಸಲು ವಾಪಸ್. ಕಷ್ಟ ಎಲ್ಲಿ ಅಂದರೆ, ಎಥೇರಿಯಂಗೆ ಮೂನ್‌ಬೀಮ್ ಕಾಣುವುದಿಲ್ಲ. ಅಲ್ಲಿ ನಿಜವಾಗಲೂ ಚೀಟಿ ವಾಪಸ್ ಬಂತಾ ಅಂತ ತಾನೇ ಹೋಗಿ ನೋಡಲು ಆಗುವುದಿಲ್ಲ. ಯಾರೋ ತಂದ ಮೆಸೇಜ್ ನಂಬಬೇಕು. ಲಾಕ್ ಆದ ದುಡ್ಡೆಲ್ಲ ಒಂದೇ ಕಾಂಟ್ರಾಕ್ಟ್‌ನಲ್ಲಿ, ಅಂದರೆ ಚೈನ್ ಮೇಲೆ ಓಡುವ ಒಂದು ಪ್ರೋಗ್ರಾಮ್‌ನಲ್ಲಿ, ರಾಶಿ ಬಿದ್ದಿರುತ್ತದೆ, ಎಷ್ಟಿದೆ ಅಂತ ಯಾರು ಬೇಕಾದರೂ ನೋಡಬಹುದು. ಆ ರಾಶಿಯ ಕಾವಲಿಗೆ ಇರುವುದು "ಈ ಮೆಸೇಜ್ ನಿಜವೇ?" ಅನ್ನುವ ಒಂದು ಚೆಕ್.

ನೋಮ್ಯಾಡ್‌ನಲ್ಲಿ ಆ ಚೆಕ್ ಎರಡು ಹಂತದ್ದು. ಮೊದಲು ಮೆಸೇಜ್ ಪ್ರೂವ್ ಆಗಬೇಕು. ಆಗ ಅದು ಯಾವ ಮರ್ಕಲ್ ರೂಟ್‌ಗೆ ಸೇರಿದ್ದು ಅಂತ ಕಾಂಟ್ರಾಕ್ಟ್ ಬರೆದಿಟ್ಟುಕೊಳ್ಳುತ್ತದೆ. ರೂಟ್ ಅಂದರೆ ಒಂದು ಕಂತೆ ಮೆಸೇಜ್‌ಗಳಿಗೆಲ್ಲ ಸೇರಿ ಇರುವ ಒಂದೇ ಬೆರಳಚ್ಚು. ಆಮೇಲೆ ಪ್ರೋಸೆಸ್. ಅಲ್ಲಿರುವ ಸಾಲು ಇಷ್ಟೇ:

```solidity
require(acceptableRoot(messages[_messageHash]), "!proven");
```

ಪ್ರೂವ್ ಆಗದ ಮೆಸೇಜ್ ತಂದರೆ? ಕಾಂಟ್ರಾಕ್ಟ್ ಬರೆಯುವ ಸಾಲಿಡಿಟಿ ಭಾಷೆಯಲ್ಲಿ, ಮ್ಯಾಪಿಂಗ್ ಅನ್ನುವ ಪಟ್ಟಿಯಲ್ಲಿ ಏನೂ ಬರೆಯದ ಜಾಗ ಓದಿದರೆ ಎರರ್ ಬರುವುದಿಲ್ಲ, ಸೊನ್ನೆ ಬರುತ್ತದೆ. ಅಂದರೆ ಪ್ರೂವ್ ಆಗದ ಮೆಸೇಜ್‌ನ ರೂಟ್ ಸೊನ್ನೆ. ಸೊನ್ನೆಯನ್ನು ಯಾರೂ ಒಪ್ಪಿಕೊಂಡಿಲ್ಲವಲ್ಲ, ಹಾಗಾಗಿ ಚೆಕ್ ಫೇಲ್ ಆಗಬೇಕು. ಆದರೆ ಜೂನ್‌ನಲ್ಲಿ ಮಾಡಿದ ಅಪ್‌ಗ್ರೇಡ್‌ನಲ್ಲಿ ಇನಿಶಿಯಲೈಸ್ ಮಾಡುವಾಗ ಮೊದಲ ರೂಟ್ ಆಗಿ ಸೊನ್ನೆಯನ್ನೇ ಕೊಟ್ಟಿದ್ದರು. ಆ ಫಂಕ್ಷನ್ ಒಳಗೆ ಈ ಸಾಲಿತ್ತು:

```solidity
confirmAt[_committedRoot] = 1;
```

ಅಲ್ಲಿಗೆ ಸೊನ್ನೆಯೂ ಒಪ್ಪಿಗೆಯಾದ ರೂಟ್ ಆಯಿತು. ಪ್ರೂವ್ ಆಗದ ಮೆಸೇಜ್ ಎಲ್ಲವೂ ಪಾಸ್. ಚೀಟಿಯೇ ತರದೆ ಬಂದವನಿಗೆ "ಹೋಗಪ್ಪ, ನಿನಗೆ ಬೇಕಾದ ಚಪ್ಪಲಿ ಹಾಕ್ಕೊ" ಅಂದ ಹಾಗೆ.

ಅವರದು ಆಪ್ಟಿಮಿಸ್ಟಿಕ್ ಬ್ರಿಡ್ಜ್. ಹೊಸ ರೂಟ್ ಬಂದ ಮೇಲೆ 30 ನಿಮಿಷ ಕಾಯಬೇಕು, ಅಷ್ಟರಲ್ಲಿ ವಾಚರ್‌ಗಳು ಸುಳ್ಳು ರೂಟ್ ಹಿಡಿಯಬೇಕು. ಇಲ್ಲಿ ಸುಳ್ಳು ರೂಟೇ ಬರಲಿಲ್ಲ. ಕಾಯುವುದಕ್ಕೂ ಏನೂ ಇರಲಿಲ್ಲ, ಹಿಡಿಯುವುದಕ್ಕೂ ಏನೂ ಇರಲಿಲ್ಲ. ಮೊದಲು ಒಬ್ಬ 100 ರ್‍ಯಾಪ್ಡ್ ಬಿಟ್‌ಕಾಯಿನ್ ತೆಗೆದ. ಆ ಟ್ರಾನ್ಸಾಕ್ಷನ್ ಎಲ್ಲರಿಗೂ ಕಾಣುತ್ತದಲ್ಲ. ಅದರ ಡೇಟಾ ಕಾಪಿ ಮಾಡಿ, ಅವನ ಅಡ್ರೆಸ್ ಜಾಗದಲ್ಲಿ ತಮ್ಮ ಅಡ್ರೆಸ್ ಹಾಕಿ ಕಳಿಸಿದವರಿಗೂ ದುಡ್ಡು ಬಂತು. ಮರ್ಕಲ್ ಟ್ರೀ ಅಂದರೆ ಏನು ಅಂತ ಗೊತ್ತಿಲ್ಲದವರೂ ಸಾಲು ನಿಂತರು. ನೂರಾರು ಅಡ್ರೆಸ್‌ಗಳು. ಕೆಲವರು ಒಳ್ಳೆಯ ಮನಸ್ಸಿನಿಂದ ತೆಗೆದಿಟ್ಟು ಆಮೇಲೆ ವಾಪಸ್ ಕೊಟ್ಟರು, ಆದರೆ ಬಹುಪಾಲು ಹೋಯಿತು.

ಇಷ್ಟನ್ನೂ ತಿಂಡಿ ತಿನ್ನುತ್ತಾ ಓದಿದೆ. ಚೆನ್ನಾಗಿ ಬರೆದಿದ್ದರು, ಖುಷಿಯಾಗಿಯೇ ಓದಿದೆ. "ಇನಿಶಿಯಲೈಸ್ ಮಾಡುವಾಗ ಸೊನ್ನೆ" ಅನ್ನುವ ಕಡೆ ಕೈ ನಿಂತಿತು.

ಮೂರು ವಾರದ ಹಿಂದೆ ನಾವು ಒಂದು ಹೊಸ ಚೈನ್ ಸೇರಿಸಿದ್ದೆವು. ಡಿಪ್ಲಾಯ್ ಸ್ಕ್ರಿಪ್ಟ್ ನನ್ನದು. ರಿವ್ಯೂನಲ್ಲಿ ಶ್ರುತಿ ಒಂದು ಕಾಮೆಂಟ್ ಹಾಕಿದ್ದಳು: "ಮೊದಲ ರೂಟ್ ಸೊನ್ನೆ ಯಾಕೆ? ಬೇರೆ ಚೈನ್‌ಗಳಿಗೆ ನಿಜವಾದ ರೂಟ್ ಕೊಟ್ಟಿದ್ದೀರಲ್ವಾ?" ಅವಳು ಸೇರಿ ಐದು ತಿಂಗಳಾಗಿತ್ತು. ನಾನು ಬರೆದೆ: "ಹೊಸ ಚೈನ್, ಇನ್ನೂ ಒಂದು ಮೆಸೇಜೂ ಇಲ್ಲ, ರೂಟ್ ಎಲ್ಲಿಂದ ಬರಬೇಕು? ದುಡ್ಡೂ ಇಲ್ಲ. ತೊಂದರೆ ಇಲ್ಲ." ಬರೆದು ರಿಸಾಲ್ವ್ ಒತ್ತಿದೆ. ಡೆಮೊ ಇತ್ತು, ಅವಸರದಲ್ಲಿದ್ದೆ, ಇತ್ಯಾದಿ. ಅವಸರ ಇಲ್ಲದಿದ್ದರೂ ಅದನ್ನೇ ಬರೆಯುತ್ತಿದ್ದೆ ಅನ್ನಿಸುತ್ತದೆ.

ರೂಮಿನ ಬಾಗಿಲು ಹಾಕಿಕೊಂಡು ಟರ್ಮಿನಲ್ ತೆಗೆದೆ. ನಮ್ಮ ಸ್ವಂತ ನೋಡ್‌ಗೇ ಕೇಳಿದೆ, ಹೊರಗಿನ ಆರ್‌ಪಿಸಿಗೆ ಅಲ್ಲ. ಇಂಥ ಪ್ರಶ್ನೆಯನ್ನು ಬೇರೆಯವರ ಲಾಗ್‌ನಲ್ಲಿ ಬಿಟ್ಟು ಬರಬಾರದು ಅನ್ನುವಷ್ಟು ಬುದ್ಧಿ ಮಾತ್ರ ಉಳಿದಿತ್ತು.

```
$ cast call $INBOX "isAccepted(bytes32)(bool)" $ZERO
true
```

ಎರಡನೇ ಸಲ ಒತ್ತಿದೆ. `true`.

ಮೊದಲು ಮಾಡಿಕೊಂಡ ಸಮಾಧಾನ: ಹೊಸ ಚೈನ್, ಅದರಲ್ಲಿ ಎಷ್ಟು ಮಹಾ ಇದೆ, ನಾವೇ ಹಾಕಿದ ಟೆಸ್ಟ್ ದುಡ್ಡು. ಒಂದು ನಿಮಿಷ ಈ ನಂಬಿಕೆಯಲ್ಲೇ ಇದ್ದೆ. ಆಮೇಲೆ ಹೊಳೆಯಿತು. ಇನ್‌ಬಾಕ್ಸ್ ಕಾಂಟ್ರಾಕ್ಟ್ ಚೈನ್‌ಗೊಂದು. ಆದರೆ ಎಥೇರಿಯಂನಲ್ಲಿ ದುಡ್ಡು ಇಟ್ಟಿರುವ ವಾಲ್ಟ್ ಎಲ್ಲಾ ಚೈನ್‌ಗಳಿಗೂ ಒಂದೇ. ಯಾವ ಇನ್‌ಬಾಕ್ಸ್ ಹೇಳಿದರೂ ಅದು ಕೊಡುತ್ತದೆ. ಹೊಸ ಚೈನ್‌ನಲ್ಲಿ ದುಡ್ಡಿಲ್ಲ ಅನ್ನುವುದು ಲೆಕ್ಕಕ್ಕೇ ಇಲ್ಲ, ಕದಿಯುವವನಿಗೆ ಅಲ್ಲಿಂದ ಬೇಕಿರುವುದು ಬಾಗಿಲು ಮಾತ್ರ. ಬಾಗಿಲ ಆಚೆ ಆವತ್ತು ಸುಮಾರು ಒಂದೂವರೆ ಕೋಟಿ ಡಾಲರ್ ಇತ್ತು. ಶ್ರುತಿಗೆ ಕೊಟ್ಟ ಉತ್ತರದಲ್ಲಿ ಈ ಭಾಗ ನನ್ನ ತಲೆಗೇ ಬಂದಿರಲಿಲ್ಲ. ಜೊತೆಗೆ, ಆ ಹೊತ್ತಿನಲ್ಲಿ ಜಗತ್ತಿನಲ್ಲಿ ಎಷ್ಟು ಜನ ಬೇರೆ ಬ್ರಿಡ್ಜ್‌ಗಳಿಗೆ ಇದೇ ಸೊನ್ನೆ ಹಾಕಿ ನೋಡುತ್ತಿದ್ದರೋ.

ಸರಿ ಮಾಡುವುದು ಒಂದು ಸಾಲು: ಸೊನ್ನೆಯ ಒಪ್ಪಿಗೆ ತೆಗೆಯುವುದು. ಆದರೆ ಅದು ಅಡ್ಮಿನ್ ಬದಲಾವಣೆ, ಟೈಮ್‌ಲಾಕ್ ಮೂಲಕವೇ ಹೋಗಬೇಕು, 48 ಗಂಟೆ. ಆ 48 ಗಂಟೆಯೂ "ಇಲ್ಲಿ ತೂತಿದೆ" ಅಂತ ಚೈನ್ ಮೇಲೆ ಬೋರ್ಡ್ ಬರೆದು ಹಾಕಿದ ಹಾಗೆ. ಆದ್ದರಿಂದ ಮೊದಲು ಬ್ರಿಡ್ಜನ್ನೇ ನಿಲ್ಲಿಸಬೇಕು. ನಿಲ್ಲಿಸಲು ಟೈಮ್‌ಲಾಕ್ ಇಲ್ಲ, ಆದರೆ ಮಲ್ಟಿಸಿಗ್ ಬೇಕು, ಐದರಲ್ಲಿ ಮೂರು ಸಹಿ.

ಒಂದು ನನ್ನದು. ಎರಡನೆಯದು ಸಿಟಿಒ, ಎರಡನೇ ರಿಂಗ್‌ಗೇ ಎತ್ತಿದರು. ನಾನು ವಿವರಿಸಲು ಶುರು ಮಾಡಿದೆ, ಅವರು "ಎಕ್ಸ್‌ಪ್ಲನೇಶನ್ ಆಮೇಲೆ, ಹ್ಯಾಶ್ ಕಳಿಸಿ" ಅಂದರು. ಮೂರನೆಯವರು ಯೂರೋಪಿನಲ್ಲಿ, ಅಲ್ಲಿ ಇನ್ನೂ ಬೆಳಗಿನ ಜಾವ, ಫೋನ್ ಸೈಲೆಂಟ್. ನಾಲ್ಕನೆಯವರು ವಿಮಾನದಲ್ಲಿ. ಐದನೆಯದು ನಮ್ಮ ಮ್ಯಾನೇಜರ್. ಅವರ ಹಾರ್ಡ್‌ವೇರ್ ವಾಲೆಟ್ ಆಫೀಸಿನ ಡ್ರಾಯರ್‌ನಲ್ಲಿ. ಇನ್ವೆಸ್ಟರ್ ಕಾಲ್ ಮನೆಯಿಂದ.

ಹೆಬ್ಬಾಳದಿಂದ ಆಫೀಸಿಗೆ ಅವರು ಕ್ಯಾಬ್‌ನಲ್ಲಿ ಬಂದ 41 ನಿಮಿಷ ನಾನು ವಾಲ್ಟ್ ಬ್ಯಾಲೆನ್ಸ್ ಪುಟವನ್ನು ರಿಫ್ರೆಶ್ ಮಾಡಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಒಮ್ಮೆ ಬ್ಯಾಲೆನ್ಸ್ ಕಡಿಮೆಯಾಯಿತು. ಎದೆ ಧಸಕ್ ಅಂತು. ನೋಡಿದರೆ ಯಾರೋ ಗ್ರಾಹಕರು ಸರಿಯಾಗಿಯೇ 300 ಡಾಲರ್ ತೆಗೆದಿದ್ದರು. ಅಮ್ಮ ಬಾಗಿಲು ತಟ್ಟಿ, "ಹುತ್ತಕ್ಕೆ ಹಾಲೆರೆಯಲು ಬರ್ತೀಯೋ ಇಲ್ವೋ" ಅಂದರು. ಏನು ಹೇಳಿದೆನೋ ನೆನಪಿಲ್ಲ.

ಮೂರನೇ ಸಹಿ ಬಿತ್ತು, ಬ್ರಿಡ್ಜ್ ನಿಂತಿತು. ಒಂದು ಪೈಸೆ ಹೋಗಿರಲಿಲ್ಲ. ಪುಣ್ಯ, ಅಷ್ಟೇ. ನಮ್ಮ ಜಾಣತನ ಏನೂ ಇಲ್ಲ. ನೋಮ್ಯಾಡ್‌ನ ತೂತು ಒಂದು ತಿಂಗಳಿಗೂ ಜಾಸ್ತಿ ತೆರೆದೇ ಇತ್ತು, ಅವರಿಗೂ ಅಲ್ಲಿಯವರೆಗೆ ಪುಣ್ಯವೇ ಇತ್ತು.

ಆಮೇಲೆ ಓದಿ ಗೊತ್ತಾಗಿದ್ದು ಇನ್ನೂ ಚುಚ್ಚುತ್ತದೆ. ನೋಮ್ಯಾಡ್‌ನ ಆಡಿಟ್ ವರದಿಯಲ್ಲಿ ಮರ್ಕಲ್ ಟ್ರೀಯ ಖಾಲಿ ಲೀಫ್ ಬಗ್ಗೆ ಒಂದು ಅಂಶ ಇತ್ತು. ಇದೇ ಬಗ್ ಅಲ್ಲ, ಆದರೆ ಪಕ್ಕದ ಬೀದಿಯದು. ಟೀಮ್ "ಅದು ಅಸಾಧ್ಯ" ಅನ್ನುವ ಅರ್ಥದ ಉತ್ತರ ಕೊಟ್ಟಿತ್ತು. ಟೀಮ್‌ಗೆ ವಿಷಯ ಅರ್ಥವಾಗಿಲ್ಲ ಅನ್ನಿಸುತ್ತದೆ ಅಂತ ಆಡಿಟರ್‌ಗಳು ಬರೆದಿಟ್ಟಿದ್ದರು. ನನ್ನ "ತೊಂದರೆ ಇಲ್ಲ" ನೆನಪಾಗದೆ ಇರುತ್ತದಾ?

ಅದೇ ವರ್ಷ ಮಾರ್ಚ್‌ನಲ್ಲಿ ರೋನಿನ್ ಬ್ರಿಡ್ಜ್‌ನಿಂದ 1,73,600 ಈಥರ್ ಮತ್ತು 2.55 ಕೋಟಿ ಡಾಲರ್ ಸ್ಟೇಬಲ್‌ಕಾಯಿನ್ ಹೋದಾಗ ಕಾಂಟ್ರಾಕ್ಟ್ ಕೋಡ್‌ನಲ್ಲಿ ತಪ್ಪೇ ಇರಲಿಲ್ಲ, ಸಹಿ ಹಾಕುವ ಕೀಗಳೇ ಕಳ್ಳರ ಕೈ ಸೇರಿದ್ದವು. ಸಹಿ ಹಾಕುವ ವ್ಯಾಲಿಡೇಟರ್ ಒಂಬತ್ತು, ದುಡ್ಡು ಬಿಡಲು ಐದು ಸಹಿ ಸಾಕು, ನಾಲ್ಕು ಒಂದೇ ಕಂಪನಿಯ ಕೈಯಲ್ಲಿ. ಐದನೆಯದರ ಪರವಾಗಿ ಸಹಿ ಹಾಕಲು ಹಿಂದಿನ ನವೆಂಬರ್‌ನಲ್ಲಿ ಅದೇ ಕಂಪನಿಗೆ ತಾತ್ಕಾಲಿಕ ಅನುಮತಿ ಕೊಟ್ಟಿದ್ದರು. ಡಿಸೆಂಬರ್‌ಗೆ ಅದರ ಅಗತ್ಯ ಮುಗಿದರೂ ಅನುಮತಿ ಹಾಗೇ ಉಳಿಯಿತು. ಕಳುವಾಗಿ ಆರು ದಿನ ಯಾರಿಗೂ ಗೊತ್ತಾಗಲಿಲ್ಲ. ಒಬ್ಬರು 5,000 ಈಥರ್ ತೆಗೆಯಲು ಹೋಗಿ ಆಗದೆ ದೂರು ಕೊಟ್ಟಾಗ ಹೊರಬಂತು. ನಾನು ಅದನ್ನು ಓದಿ ನಕ್ಕಿದ್ದೆ. ಆರು ದಿನಾನಾ, ಬ್ಯಾಲೆನ್ಸ್ ಕೂಡ ನೋಡಲ್ವಾ ಅಂತ. ನಮ್ಮಲ್ಲೂ ಬ್ಯಾಲೆನ್ಸ್ ಅಲರ್ಟ್ ಇತ್ತು. ಸುಮ್ನೆ ಬಡಿದುಕೊಳ್ಳುತ್ತದೆ ಅಂತ ಜೂನ್‌ನಲ್ಲಿ ಮ್ಯೂಟ್ ಮಾಡಿದ್ದೆವು.

ಆಮೇಲೆ ಬದಲಾಯಿಸಿದ್ದು ಜಾಸ್ತಿ ಇಲ್ಲ. ಬ್ರಿಡ್ಜ್ ನಿಲ್ಲಿಸಲು ಈಗ ಒಂದೇ ಕೀ ಸಾಕು, ಮತ್ತೆ ತೆರೆಯಲು ಮೂರು ಸಹಿ. ನಿಲ್ಲಿಸುವುದಕ್ಕೂ ತೆರೆಯುವುದಕ್ಕೂ ಒಂದೇ ಬೀಗ ಇಟ್ಟಿದ್ದೇ ಮೂರ್ಖತನ. ಒಬ್ಬ ತಪ್ಪಾಗಿ ನಿಲ್ಲಿಸಿದರೆ ಗ್ರಾಹಕರು ಬೈಯುತ್ತಾರೆ, ಬೈಯಲಿ. ಪ್ರತಿ ಚೈನ್‌ಗೂ ಗಂಟೆಗೆ ಇಷ್ಟೇ ಹೊರಗೆ ಹೋಗಬೇಕು ಅಂತ ಮಿತಿ ಹಾಕಿದೆವು. ಬಾಗಿಲು ತೆರೆದಿದ್ದರೂ ರಾಶಿಯೆಲ್ಲ ಒಂದೇ ಸಲ ಹೋಗುವುದಿಲ್ಲ. ದೊಡ್ಡ ಗ್ರಾಹಕರಿಗೆ ಕಿರಿಕಿರಿ ಅಂತ ಸೇಲ್ಸ್‌ನವರು ತಿಂಗಳಿಗೊಮ್ಮೆ ಮಿತಿ ಏರಿಸಿ ಅನ್ನುತ್ತಾರೆ, ನಾನು ತಿಂಗಳಿಗೊಮ್ಮೆ ಆಗಲ್ಲ ಅನ್ನುತ್ತೇನೆ. ಡಿಪ್ಲಾಯ್ ಆದ ಮೇಲೆ ಸುಳ್ಳು ಮೆಸೇಜ್ ಒಂದನ್ನು ಫೋರ್ಕ್ ಮೇಲೆ, ಅಂದರೆ ಚೈನ್‌ನ ನಕಲಿನ ಮೇಲೆ, ಓಡಿಸಿ ಅದು ಫೇಲ್ ಆಗುವುದನ್ನು ನೋಡುವ ಟೆಸ್ಟ್ ಸೇರಿಸಿದೆವು. ಅಲ್ಲಿಯವರೆಗೆ ನಮ್ಮ ಟೆಸ್ಟ್‌ಗಳೆಲ್ಲ ನಿಜವಾದ ಮೆಸೇಜ್ ಪಾಸ್ ಆಗುತ್ತದಾ ಅಂತ ಮಾತ್ರ ನೋಡುತ್ತಿದ್ದವು. ಸುಳ್ಳು ಮೆಸೇಜನ್ನು ಯಾರೂ ಕಳಿಸಿಯೇ ನೋಡಿರಲಿಲ್ಲ.

ಮ್ಯಾನೇಜರ್ ಹತ್ತು ಗಂಟೆಯ ಕಾಲ್ ಅನ್ನು ಆಫೀಸಿನ ಡ್ರಾಯರ್ ಪಕ್ಕದಿಂದಲೇ ತೆಗೆದುಕೊಂಡರು. "ಮುನ್ನೆಚ್ಚರಿಕೆಯಾಗಿ ಸ್ವಲ್ಪ ಹೊತ್ತು ನಿಲ್ಲಿಸಿದ್ದೇವೆ" ಅಂದರಂತೆ. ಆ ತಿಂಗಳ ವರದಿಯಲ್ಲಿ ಇನ್ಸಿಡೆಂಟ್ ಕಾಲಂನಲ್ಲಿ ಸೊನ್ನೆ ಇದೆ.

ಶ್ರುತಿ ಏನೂ ಅನ್ನಲಿಲ್ಲ. ಮಧ್ಯಾಹ್ನ ನನಗೆ ಒಂದು ನೋಟಿಫಿಕೇಶನ್ ಬಂತು. ಆ ಹಳೆಯ ಕಾಮೆಂಟ್ ಅನ್ನು ಮತ್ತೆ ಓಪನ್ ಮಾಡಿದ್ದಳು. ಕೆಳಗೆ ಒಂದೇ ಸಾಲು: "ಇದನ್ನ ನಾನು ರಿಸಾಲ್ವ್ ಮಾಡಬಹುದಾ?"