“ದಿನಾ ಮಧ್ಯಾಹ್ನ ಮೇಲ್ ನಿಲ್ಲುತ್ತೆ” ಎಂದರೆ ಹೆಲ್ಪ್‌ಡೆಸ್ಕ್‌ಗೆ ಏನೂ ಗೊತ್ತಾಗುವುದಿಲ್ಲ

“ದಿನಾ ಮಧ್ಯಾಹ್ನ ಔಟ್‌ಲುಕ್ ಸಿಂಕ್ ಆಗ್ತಿಲ್ಲ, ದಯವಿಟ್ಟು ಸರಿ ಮಾಡಿಕೊಡಿ.” ಹೆಲ್ಪ್‌ಡೆಸ್ಕ್‌ನಲ್ಲಿ ಕೂತವರಿಗೆ ಈ ಒಂದು ಸಾಲಿನ ಟಿಕೆಟ್ ಚಿರಪರಿಚಿತ. ಮರುದಿನ ಬೆಳಗ್ಗೆ ಯಾರೋ ರಿಮೋಟ್‌ನಲ್ಲಿ ಬಂದು ನೋಡುತ್ತಾರೆ, ಎಲ್ಲ ಸರಿಯಾಗಿಯೇ ಇರುತ್ತದೆ, ಟಿಕೆಟ್ ಮುಚ್ಚುತ್ತಾರೆ. ಮಧ್ಯಾಹ್ನ ಮೇಲ್ ಮತ್ತೆ ನಿಲ್ಲುತ್ತದೆ. ಇಲ್ಲಿ ತಪ್ಪು ಇಬ್ಬರದೂ ಅಲ್ಲ. ತೊಂದರೆ ಇಲ್ಲದ ಹೊತ್ತಿನಲ್ಲಿ ತೊಂದರೆಯನ್ನು ಹುಡುಕಿದರೆ ಸಿಗುವುದಾದರೂ ಹೇಗೆ?

‘ಮಧ್ಯಾಹ್ನ’ ಎಂಬ ಪದದೊಳಗೆ ಮೂರು ಬೇರೆ ಬೇರೆ ಕಾರಣಗಳು ಅಡಗಿರಬಹುದು. ಮೊದಲನೆಯದು ಗೋಡೆ ಗಡಿಯಾರಕ್ಕೆ ಕಟ್ಟುಬಿದ್ದದ್ದು: ದಿನಾ ಒಂದೇ ಹೊತ್ತಿಗೆ ಶುರುವಾಗುವ ಬ್ಯಾಕಪ್ಪೋ ವೈರಸ್ ಸ್ಕ್ಯಾನೋ ಮೇಲ್ ಫೈಲನ್ನು ಹಿಡಿದುಕೊಳ್ಳಬಹುದು. ಎರಡನೆಯದು ಲಾಗಿನ್ ಆದ ಹೊತ್ತಿನಿಂದ ಎಣಿಕೆಯಾಗುವುದು. ವಿಪಿಎನ್ ಸೆಷನ್‌ಗೆ ಇಷ್ಟು ಗಂಟೆ ಎಂಬ ಮಿತಿ ಇದ್ದರೆ, ಬೆಳಗ್ಗೆ ಶುರುವಾದ ಸೆಷನ್ ಮಧ್ಯಾಹ್ನವೇ ಮುಗಿಯುತ್ತದೆ. ಮೂರನೆಯದು ಊಟದ ಬಿಡುವು. ಲ್ಯಾಪ್‌ಟಾಪ್ ಮುಚ್ಚಿಟ್ಟು ಹೋದಾಗ ಅದು ಸ್ಲೀಪ್‌ಗೆ ಜಾರುತ್ತದೆ, ಅಥವಾ ಸುಮ್ಮನಿದ್ದ ಸಂಪರ್ಕವನ್ನು ಫೈರ್‌ವಾಲ್ ಸದ್ದಿಲ್ಲದೆ ಕಡಿದುಹಾಕುತ್ತದೆ. ಮೇಲ್ ಪ್ರೋಗ್ರಾಮ್‌ಗೆ ಅದು ತಿಳಿಯದೆ, ಸತ್ತ ಸಂಪರ್ಕವನ್ನೇ ನಂಬಿ ಕಾಯುತ್ತಾ ಕೂರುತ್ತದೆ.

ಮೂರರ ಪರಿಹಾರವೂ ಬೇರೆ, ಅದನ್ನು ಮಾಡಬೇಕಾದ ತಂಡವೂ ಬೇರೆ. ಇವನ್ನು ಬಿಡಿಸಿ ನೋಡಲು ದೊಡ್ಡ ತಾಂತ್ರಿಕ ಜ್ಞಾನವೇನೂ ಬೇಡ, ಮೂರು ದಿನದ ಮೂರು ಸಮಯಗಳು ಸಾಕು: ಲಾಗಿನ್ ಆದದ್ದು ಎಷ್ಟಕ್ಕೆ, ಬಿಡುವಿಗೆ ಎದ್ದದ್ದು ಎಷ್ಟಕ್ಕೆ, ಮೇಲ್ ನಿಂತದ್ದು ಎಷ್ಟಕ್ಕೆ.

ಮೂರನೆಯ ಸಮಯದಲ್ಲೇ ಹೆಚ್ಚಿನವರು ಎಡವುವುದು. ನಿಮ್ಮ ಗಮನಕ್ಕೆ ಬಂದ ಹೊತ್ತು ಬೇರೆ, ನಿಜವಾಗಿ ನಿಂತ ಹೊತ್ತು ಬೇರೆ. ಮೂರು ಗಂಟೆಗೆ ಯಾರೋ ಫೋನ್ ಮಾಡಿ “ಮೇಲ್ ನೋಡಿದ್ರಾ?” ಎಂದಾಗ ಗೊತ್ತಾದರೆ, ಅದು ಒಂದೂವರೆಗೇ ನಿಂತಿರಬಹುದು. ಔಟ್‌ಲುಕ್ ಸಂಪರ್ಕ ಕಳೆದುಕೊಂಡಾಗ ಕೆಳಗಿನ ಪಟ್ಟಿಯಲ್ಲಿ `Disconnected` ಎಂದಿರುತ್ತದೆ, ಜೊತೆಗೆ `This folder was last updated at` ಎಂದು ಸಮಯವೂ ಕಾಣಬಹುದು. ಕಾಣದಿದ್ದರೆ ಮೊಬೈಲ್ ಡೇಟಾದಲ್ಲಿ ವೆಬ್‌ಮೇಲ್ ತೆರೆದು, ಲ್ಯಾಪ್‌ಟಾಪ್‌ಗೆ ಬಂದ ಕೊನೆಯ ಮೇಲ್ ಮತ್ತು ಬಾರದ ಮೊದಲ ಮೇಲ್ ಯಾವುದೆಂದು ನೋಡಿ. ನಿಂತದ್ದು ಇವೆರಡರ ನಡುವೆ. ವೆಬ್‌ಮೇಲ್‌ನಲ್ಲಿ ಹೊಸ ಮೇಲ್ ಇದೆ ಎಂದರೆ ನಿಮ್ಮ ಮೇಲ್‌ಬಾಕ್ಸ್ ಸರಿಯಿದೆ ಎಂಬುದೂ ಅದರಲ್ಲೇ ತಿಳಿಯಿತು.

ನಿಂತಾಗ ರೀಸ್ಟಾರ್ಟ್ ಮಾಡಲು ಕೈ ಹೋಗುತ್ತದೆ. ಐದು ನಿಮಿಷ ತಡೆಯಿರಿ. ರೀಸ್ಟಾರ್ಟ್ ಆದ ಮೇಲೆ ಸುಳಿವೂ ಹೋಯಿತು. ಅದಕ್ಕೂ ಮೊದಲು ಪವರ್‌ಶೆಲ್‌ನಲ್ಲಿ ಒಂದು ಆಜ್ಞೆ ಓಡಿಸಿ. ಸರ್ವರ್ ಹೆಸರಿನ ಜಾಗದಲ್ಲಿ ನಿಮ್ಮ ಕಚೇರಿಯದನ್ನು ಹಾಕಬೇಕು:

```
Test-NetConnection mail.example.com -Port 443
```

ಬೆಳಗ್ಗೆ ಸರಿ ಇದ್ದಾಗ ಒಮ್ಮೆ, ನಿಂತಾಗ ಒಮ್ಮೆ ಓಡಿಸಿದರೆ ಹೋಲಿಕೆ ಸಿಗುತ್ತದೆ. `TcpTestSucceeded : True` ಬಂದರೆ ದಾರಿ ತೆರೆದಿದೆ, ತೊಡಕು ಔಟ್‌ಲುಕ್‌ನೊಳಗೋ ಪಾಸ್‌ವರ್ಡ್ ದೃಢೀಕರಣದಲ್ಲೋ ಇರಬಹುದು. `False` ಬಂದರೆ ನಡುದಾರಿಯಲ್ಲಿ ಏನೋ ತಡೆದಿದೆ, ಇಲ್ಲವೇ ಸರ್ವರ್ ಉತ್ತರಿಸುತ್ತಿಲ್ಲ. `Name resolution of mail.example.com failed` ಎಂಬ ಎಚ್ಚರಿಕೆ ಬಂದರೆ, ಸರ್ವರ್‌ನ ಹೆಸರಿಗೆ ವಿಳಾಸವೇ ಸಿಗುತ್ತಿಲ್ಲ ಎಂದರ್ಥ. ಕಚೇರಿಯ ಒಳಜಾಲದಲ್ಲಷ್ಟೇ ಗೊತ್ತಿರುವ ಹೆಸರಾದರೆ, ವಿಪಿಎನ್ ಬಿದ್ದಾಗ ಇದು ಕಾಣಿಸುವುದು ಸಹಜ.

ಇಷ್ಟನ್ನು ಸೇರಿಸಿ ಬರೆದ ಸಂದೇಶ ಹೀಗಿರಬಹುದು:

> ವಿಷಯ: ಲಾಗಿನ್ ಆದ ಸುಮಾರು 4 ಗಂಟೆಗಳ ನಂತರ ಔಟ್‌ಲುಕ್ ಸಿಂಕ್ ನಿಲ್ಲುತ್ತಿದೆ (3 ದಿನದಿಂದ)
>
> ನಮಸ್ಕಾರ,
>
> ಮನೆಯಿಂದ ವಿಪಿಎನ್ ಮೂಲಕ ಕೆಲಸ ಮಾಡುವಾಗ ಔಟ್‌ಲುಕ್‌ಗೆ ಹೊಸ ಮೇಲ್ ಬರುವುದು ನಿಲ್ಲುತ್ತಿದೆ, ಕಳಿಸಿದ್ದೂ Outbox‌ನಲ್ಲೇ ಉಳಿಯುತ್ತಿದೆ.
>
> ಸೋಮವಾರ: ಲಾಗಿನ್ 9:10, ನಿಂತದ್ದು 1:10
> ಮಂಗಳವಾರ: ಲಾಗಿನ್ 9:50, ನಿಂತದ್ದು 1:50
> ಬುಧವಾರ: ಲಾಗಿನ್ 10:30, ನಿಂತದ್ದು 2:30
>
> ಮೂರೂ ದಿನ ಊಟಕ್ಕೆ ಎದ್ದದ್ದು 1:00ಕ್ಕೆ, ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗಿಲ್ಲ. ಬುಧವಾರ ನಿಂತಾಗ ನಾನು ಎದುರಿಗೇ ಕೂತಿದ್ದೆ.
>
> ನಿಂತಾಗ ಕೆಳಪಟ್ಟಿಯಲ್ಲಿ Disconnected ಎಂದಿರುತ್ತದೆ. ಹೊರಗಿನ ವೆಬ್‌ಸೈಟ್‌ಗಳು ತೆರೆಯುತ್ತವೆ, ಕಚೇರಿಯ ಒಳಜಾಲದ ಪುಟ ತೆರೆಯುವುದಿಲ್ಲ. ಮೊಬೈಲ್ ಡೇಟಾದಲ್ಲಿ ವೆಬ್‌ಮೇಲ್ ಸರಿಯಿದೆ. Test-NetConnection ಬೆಳಗ್ಗೆ True, ನಿಂತಾಗ Name resolution failed.
>
> F9 ಒತ್ತಿದರೆ ಪ್ರಯೋಜನವಿಲ್ಲ. ವಿಪಿಎನ್ ಬಿಡಿಸಿ ಮತ್ತೆ ಜೋಡಿಸಿದರೆ ಒಂದೆರಡು ನಿಮಿಷದಲ್ಲಿ ಸರಿಹೋಗುತ್ತದೆ.
>
> ಇಂದು ಗುರುವಾರ 9:30ಕ್ಕೆ ಲಾಗಿನ್ ಆಗಿ, 12:00ಕ್ಕೆ ನಾನೇ ವಿಪಿಎನ್ ಬಿಡಿಸಿ ಜೋಡಿಸಿದೆ. 1:30ಕ್ಕೆ ನಿಲ್ಲಲಿಲ್ಲ, 4:00ಕ್ಕೆ ನಿಂತಿತು.
>
> ಲ್ಯಾಪ್‌ಟಾಪ್‌ನ ಅಸೆಟ್ ಸಂಖ್ಯೆ, ಔಟ್‌ಲುಕ್ ಆವೃತ್ತಿ ಕೆಳಗಿವೆ, ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ನಾಳೆ ಬೆಳಗ್ಗೆಗಿಂತ, ನಿಲ್ಲುವ ಹೊತ್ತಿಗೆ ರಿಮೋಟ್‌ನಲ್ಲಿ ಬಂದರೆ ನೇರವಾಗಿ ನೋಡಬಹುದು.

ಈ ಸಂದೇಶ ಓದಿದವರಿಗೆ ಔಟ್‌ಲುಕ್ ಮೇಲೆ ಅನುಮಾನ ಉಳಿಯುವುದಿಲ್ಲ. ನಿಂತ ಸಮಯ ದಿನದಿಂದ ದಿನಕ್ಕೆ ಜರುಗಿದೆ, ಆದ್ದರಿಂದ ಗೋಡೆ ಗಡಿಯಾರ ಕಾರಣವಲ್ಲ. ಊಟದ ಹೊತ್ತು ಬದಲಾಗಿಲ್ಲ, ಆದ್ದರಿಂದ ಬಿಡುವೂ ಕಾರಣವಲ್ಲ. ಸೋಮವಾರದ ಲೆಕ್ಕವೊಂದೇ ಇದ್ದಿದ್ದರೆ ಮಾತ್ರ ಊಟಕ್ಕೆದ್ದ ಹತ್ತು ನಿಮಿಷಕ್ಕೆ ನಿಂತಿತೆಂದು ಯಾರಾದರೂ ಸ್ಲೀಪ್ ಸೆಟ್ಟಿಂಗ್ ತಿರುವಿ ಕೈತೊಳೆದುಕೊಳ್ಳುತ್ತಿದ್ದರು. ಉಳಿದದ್ದು ನಾಲ್ಕು ಗಂಟೆಯ ಅಂತರ. ಅದು ಲಾಗಿನ್‌ನಿಂದಲೋ ವಿಪಿಎನ್‌ನಿಂದಲೋ ಎಂಬ ಗೊಂದಲವನ್ನೂ ಗುರುವಾರದ ಪ್ರಯೋಗ ಬಗೆಹರಿಸಿದೆ: ಎಣಿಕೆ 12:00ಕ್ಕೆ ಮತ್ತೆ ಸೊನ್ನೆಯಿಂದ ಶುರುವಾಯಿತು.

ವಿಪಿಎನ್ ಬಿದ್ದರೂ ಅದು ಮೇಲ್‌ನ ತೊಂದರೆಯಂತೆ ಕಾಣುವುದಕ್ಕೆ ಕಾರಣವಿದೆ. ಎಷ್ಟೋ ಕಚೇರಿಗಳಲ್ಲಿ ಕಚೇರಿಯ ಸಂಚಾರ ಮಾತ್ರ ವಿಪಿಎನ್ ಒಳಗೆ ಹೋಗುತ್ತದೆ, ಉಳಿದ ಇಂಟರ್ನೆಟ್ ನೇರವಾಗಿ ಹೋಗುತ್ತದೆ. ಬ್ರೌಸರ್ ಎಂದಿನಂತೆ ಓಡುತ್ತಿದ್ದರೆ ‘ನೆಟ್ ಚೆನ್ನಾಗಿದೆ, ಮೇಲ್ ಕೆಟ್ಟಿದೆ’ ಎಂದೇ ಅನ್ನಿಸುತ್ತದೆ. ಮತ್ತೆ ಪಾಸ್‌ವರ್ಡ್ ಕೇಳುವ ಕಿಟಕಿ ಬೇರೆ ಕಿಟಕಿಗಳ ಹಿಂದೆ ಅಡಗಿ ಕೂತರಂತೂ ಮುಗಿದೇ ಹೋಯಿತು.

ಸ್ಕ್ರೀನ್‌ಶಾಟ್ ತೆಗೆಯುವಾಗ ಮೂಲೆಯ ಗಡಿಯಾರ ಕಾಣುವಂತೆ ಇಡೀ ಪರದೆಯನ್ನೇ ತೆಗೆಯಿರಿ, ಬೇರೆಯವರ ಮೇಲ್ ಶೀರ್ಷಿಕೆಗಳನ್ನು ಮರೆಮಾಡಿ. ದೋಷ ಸಂದೇಶವನ್ನು ಅಕ್ಷರದಲ್ಲೂ ಬರೆದರೆ ಹಳೆಯ ಟಿಕೆಟ್‌ಗಳಲ್ಲಿ ಹುಡುಕಲು ಅನುಕೂಲ. ಪಾಸ್‌ವರ್ಡ್ ಮಾತ್ರ ಯಾರು ಕೇಳಿದರೂ ಟಿಕೆಟ್‌ನಲ್ಲಿ ಬರೆಯಬೇಡಿ. ಲ್ಯಾಪ್‌ಟಾಪ್‌ನಲ್ಲಿ ಮೇಲ್‌ಗಳ ನಕಲು ಇಟ್ಟುಕೊಳ್ಳುವ ಔಟ್‌ಲುಕ್‌ನ `.ost` ಫೈಲ್ ಅಳಿಸಿದರೆ ಸರಿಹೋಗುತ್ತದೆ ಎಂಬ ಸಲಹೆ ಬಂದರೂ ಅವಸರ ಬೇಡ. Outbox‌ನಲ್ಲಿ ಸಿಕ್ಕಿಕೊಂಡು ಇನ್ನೂ ಸರ್ವರ್ ತಲುಪದ ಮೇಲ್ ಇದ್ದರೆ ಅದೂ ಜೊತೆಗೇ ಹೋಗುತ್ತದೆ.

ಇಂಥ ಟಿಕೆಟ್ ಮೇಲ್ ತಂಡದವರ ಕೈಗೆ ಹೋಗದೆ ನೇರ ನೆಟ್‌ವರ್ಕ್ ತಂಡಕ್ಕೆ ಹೋಗುತ್ತದೆ. ಅವರು ವಿಪಿಎನ್ ಲಾಗ್‌ನಲ್ಲಿ 1:10, 1:50, 2:30, 4:00 ಈ ನಾಲ್ಕು ಸಮಯಗಳನ್ನು ಹುಡುಕುತ್ತಾರೆ. ಸೆಷನ್ ಕೊನೆಗೊಂಡ ಕಾರಣ ಅದೇ ಸಾಲಿನಲ್ಲಿ ಸಿಗಬೇಕು. ಮಿತಿಯನ್ನು ಭದ್ರತೆಯ ದೃಷ್ಟಿಯಿಂದಲೇ ಇಟ್ಟಿದ್ದರೆ ಅವರು ಅದನ್ನು ಹೆಚ್ಚಿಸದೆಯೂ ಇರಬಹುದು. ಆಗ ಊಟಕ್ಕೆ ಏಳುವ ಮುನ್ನ ವಿಪಿಎನ್ ಒಮ್ಮೆ ಬಿಡಿಸಿ ಜೋಡಿಸಿಕೊಳ್ಳುವುದೇ ದಾರಿ.